ತಿಜೋರಿಯ ಶಿಲ್ಕಿಗೆ ಎರಡು ಎಲ್ಲೆಗಳು

ಹೈದರಾಬಾದಿನಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಜಹೀರಾಬಾದನ್ನು ದಾಟಿ ಹುಮನಾಬಾದಿನತ್ತ ಬರುವವರಿಗೆ ನಡುದಾರಿಯಲ್ಲಿ ಮನ್ನಾಏಖೇಳ್ಳಿ ಎಂಬ ಊರು ಸಿಗುತ್ತದೆ. ಅಲ್ಲಿಂದ ಒಳದಾರಿ ಹಿಡಿದು ಹೋದರೆ ಸಿಗುವ ಒಂದು ಹಳ್ಳಿಯ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಗಳು ನಮಗೆ ಬಹುಕಾಲದ ಪರಿಚಿತರು. ಪ್ರತಿ ಶುಕ್ರವಾರ ಮಧ್ಯಾಹ್ನ ಅವರು ಸಂಘದ ಜವಾನನನ್ನು ಜೊತೆಗೆ ಕರೆದುಕೊಂಡು, ಬಾಡಿಗೆಯ ವಾಹನವೊಂದರಲ್ಲಿ ಕುಳಿತು, ಬ್ಯಾಂಕಿಗೆ ಹೋಗುತ್ತಿದ್ದರು. ವಾರದ ಕೊನೆಗೆ ತಿಜೋರಿಯಲ್ಲಿ ಐವತ್ತು ಸಾವಿರ ರೂಪಾಯಿ ಉಳಿಯಬೇಕೆಂಬುದು ಸಂಘದ ರೂಢಿ. ಹೆಚ್ಚಿದ್ದರೆ ಹೆಚ್ಚಿನದನ್ನು ಬ್ಯಾಂಕಿನಲ್ಲಿ ಇಡುವುದು, ಕಡಮೆಯಾಗಿದ್ದರೆ ಅಷ್ಟನ್ನು ತರುವುದು. ಕೆಲವು ಶುಕ್ರವಾರಗಳಲ್ಲಿ ಇಡಬೇಕಾದ ಮೊಬಲಗು ಎರಡು ಸಾವಿರಕ್ಕಿಂತ ಹೆಚ್ಚಿರುತ್ತಿರಲಿಲ್ಲ. ವಾಹನದ ಬಾಡಿಗೆಗೂ ಇಬ್ಬರ ಅರ್ಧ ದಿನದ ಕೂಲಿಗೂ ಸೇರಿ ನಾನೂರು ರೂಪಾಯಿ ವೆಚ್ಚವಾಗಿರುತ್ತಿತ್ತು. "ಯಾಕ್ರೀ ಹೀಗೆ?" ಎಂದು ನಾವು ಒಮ್ಮೆ ಕೇಳಿದೆವು. "ಸರ, ರೊಕ್ಕ ಸುಮ್ನ ಬಿದ್ದಿದ್ರ ಬಡ್ಡಿ ಹೋಗ್ತದ. ಆಡಳಿತ ಮಂಡಳಿಯವ್ರು ಕೇಳ್ತಾರ" ಎಂದರು.

ಉತ್ತರವು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ತಿಜೋರಿಯಲ್ಲಿರುವ ಹಣಕ್ಕೆ ಬಡ್ಡಿಯಿಲ್ಲವೆಂಬ ನಷ್ಟವನ್ನು ಅವರು ಎಣಿಸಿದ್ದರು. ಹಣವನ್ನು ಸಾಗಿಸುವ ನಷ್ಟವನ್ನು ಎಣಿಸಿರಲಿಲ್ಲ. ಎರಡನ್ನೂ ಒಟ್ಟಿಗೆ ತೂಗಿ, ಶಿಲ್ಕು ಎಷ್ಟಾದಾಗ ಹೊರಡಬೇಕು, ಎಷ್ಟಾಗುವವರೆಗೆ ಸುಮ್ಮನಿರಬೇಕು ಎಂಬುದನ್ನು ನಿರ್ಣಯಿಸುವ ಒಂದು ಅಂದವಾದ ಲೆಕ್ಕವಿದೆ. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಅದರ ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಭೌತವಿಜ್ಞಾನದ ವಿದ್ಯಾರ್ಥಿಗಳು ಅದನ್ನು ಕಂಡೇ ಇರುವುದಿಲ್ಲ. ಆದರೆ ಅದು ಹುಟ್ಟಿರುವುದು ಭೌತವಿಜ್ಞಾನದ ಅಂಗಳದ ವಿಚಾರದಿಂದ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಆ ಕಡೆಯಿಂದ ನೋಡಿದರೆ ಬಾಯಿಪಾಠದ ಅಗತ್ಯವೇ ಬೀಳದು.

ಮೊದಲು 1952ರಲ್ಲಿ ವಿಲಿಯಂ ಬೌಮೋಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ನಗದನ್ನು ಗೋದಾಮಿನ ಸರಕಿನಂತೆ ಎಣಿಸಿ ಲೆಕ್ಕ ಮಾಡಿದರು. ಅಲ್ಲಿ ಹಣವು ದಿನವೂ ಒಂದೇ ಸಮನಾಗಿ ಖರ್ಚಾಗುತ್ತ ಹೋಗುತ್ತದೆ, ಮುಗಿದಾಗ ಮತ್ತೆ ತುಂಬಿಸುತ್ತಾರೆ. ಸಂಬಳದಲ್ಲಿ ತಿಂಗಳು ಕಳೆಯುವ ನಮ್ಮಂಥವರಿಗೆ ಈ ಚಿತ್ರ ಸರಿಹೋಗಬಹುದು. ಸಹಕಾರ ಸಂಘದ ತಿಜೋರಿಗೆ ಅದು ಒಪ್ಪದು. ಅಲ್ಲಿ ಒಂದು ದಿನ ಮೂವರು ರೈತರು ಸಾಲದ ಕಂತು ಕಟ್ಟುತ್ತಾರೆ, ಮರುದಿನ ಒಬ್ಬರು ಮಗಳ ಮದುವೆಗೆಂದು ಠೇವಣಿ ಹಿಂದಕ್ಕೆ ಪಡೆಯುತ್ತಾರೆ. ಅಖೈರು ಶಿಲ್ಕು ನಾಳೆ ಏರುವುದೋ ಇಳಿಯುವುದೋ ಕಾರ್ಯದರ್ಶಿಗಳಿಗೂ ತಿಳಿಯದು. ಇಂಥ ಶಿಲ್ಕಿಗೆ ತಕ್ಕ ಲೆಕ್ಕವನ್ನು ಮರ್ಟನ್ ಮಿಲ್ಲರ್ ಮತ್ತು ಡೇನಿಯಲ್ ಆರ್ ಎಂಬ ಇಬ್ಬರು 1966ರಲ್ಲಿ ಪ್ರಕಟಿಸಿದರು. ಇವರಲ್ಲಿ ಮಿಲ್ಲರ್ ಅವರಿಗೆ, ಬೇರೆ ಕೆಲಸಗಳಿಗಾಗಿ, 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಅವರು ಹೇಳುವ ನಿಯಮ ಬಹು ಸರಳ. ಶಿಲ್ಕಿಗೆ ಒಂದು ಕೆಳ ಎಲ್ಲೆ, ಒಂದು ಮೇಲಿನ ಎಲ್ಲೆ, ಇವೆರಡರ ನಡುವೆ ಹಿಂದಿರುಗುವ ಒಂದು ನೆಲೆ, ಹೀಗೆ ಮೂರು ಅಂಕಿಗಳನ್ನು ಗೊತ್ತುಮಾಡಬೇಕು. ಶಿಲ್ಕು ಎರಡು ಎಲ್ಲೆಗಳ ನಡುವೆ ಅಲೆದಾಡುತ್ತಿರುವ ತನಕ ಏನನ್ನೂ ಮಾಡಬಾರದು. ಮೇಲಿನ ಎಲ್ಲೆಯನ್ನು ಮುಟ್ಟಿದ ದಿನ, ಆ ನೆಲೆಗೆ ಇಳಿಯುವಷ್ಟು ಹಣವನ್ನು ಬ್ಯಾಂಕಿಗೆ ಒಯ್ಯಬೇಕು. ಕೆಳ ಎಲ್ಲೆಯನ್ನು ಮುಟ್ಟಿದ ದಿನ, ಅದೇ ನೆಲೆಗೆ ಏರುವಷ್ಟನ್ನು ತರಬೇಕು. ಎಲ್ಲೆಯಿಂದ ತುಸು ಒಳಗೆ ಸರಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಹಾಗೆ ಮಾಡಿದರೆ ನಾಳೆ ನಾಡಿದ್ದರಲ್ಲೇ ಶಿಲ್ಕು ಮತ್ತೆ ಅದೇ ಎಲ್ಲೆಗೆ ತಾಗುವ ಸಂಭವ ಹೆಚ್ಚು. ವಾಹನದ ಬಾಡಿಗೆ ಎರಡು ಸಾವಿರಕ್ಕೂ ಅಷ್ಟೇ, ಲಕ್ಷಕ್ಕೂ ಅಷ್ಟೇ. ಆದ್ದರಿಂದ ಹೊರಟ ಮೇಲೆ ದೂರ ಸರಿಸಿಯೇ ಬರಬೇಕು.

ಇನ್ನು ಈ ಮೂರು ಅಂಕಿಗಳನ್ನು ಕಂಡುಹಿಡಿಯುವ ಬಗೆ. ಕೆಳ ಎಲ್ಲೆಯನ್ನು ಸೂತ್ರವು ಕೊಡುವುದಿಲ್ಲ. ಹಣ ಬೇಡಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಎಚ್ಚರದಿಂದ ಸಂಘವೇ ಅದನ್ನು ಗೊತ್ತುಮಾಡಿಕೊಳ್ಳಬೇಕು. ಆ ಎಲ್ಲೆಯನ್ನೇ ಸೊನ್ನೆಯೆಂದು ಎಣಿಸೋಣ. ಅಲ್ಲಿಂದ ಹಿಂದಿರುಗುವ ನೆಲೆಯ ಎತ್ತರ z, ಮೇಲಿನ ಎಲ್ಲೆಯ ಎತ್ತರ h ಆಗಿರಲಿ. ದಿನದ ಜಮೆಯಲ್ಲಿ ಖರ್ಚನ್ನು ಕಳೆದರೆ ಬರುವ ನಿವ್ವಳ ಮೊತ್ತವು ಸರಾಸರಿಯಲ್ಲಿ ಸೊನ್ನೆ, ಅದರ ಮಾನಕ ವಿಚಲನೆ σ ಎಂದು ಇಟ್ಟುಕೊಳ್ಳೋಣ. ಹೀಗೆ ಗೊತ್ತುಗುರಿಯಿಲ್ಲದೆ ಹೆಜ್ಜೆಯಿಡುವ ವಸ್ತುವು ಭೌತವಿಜ್ಞಾನಿಗೆ ಹೊಸದಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಚಲನೆಯನ್ನು ಐನ್‌ಸ್ಟೈನ್ 1905ರಲ್ಲಿ ವಿವರಿಸಿದ್ದು ಈ ನಡೆಯಿಂದಲೇ. ಅದಕ್ಕೂ ಐದು ವರ್ಷ ಮುಂಚೆ, 1900ರಲ್ಲಿ, ಲೂಯಿ ಬಾಶೆಲಿಯೆ ಎಂಬ ಫ್ರೆಂಚ್ ಗಣಿತಜ್ಞನು ಪ್ಯಾರಿಸ್ಸಿನ ಷೇರುಪೇಟೆಯ ಬೆಲೆಗಳಿಗೆ ಇದೇ ಗಣಿತವನ್ನು ಹಚ್ಚಿದ್ದನೆಂಬುದು ನಮ್ಮ ಶಾಸ್ತ್ರದವರು ಆಗಾಗ ಮರೆಯುವ ಸಂಗತಿ.

ನಮಗೆ ಬೇಕಾದುದು ಎರಡು ಪ್ರಶ್ನೆಗಳಿಗೆ ಉತ್ತರ. ಒಂದು ಪ್ರಯಾಣಕ್ಕೂ ಇನ್ನೊಂದಕ್ಕೂ ನಡುವೆ ಸರಾಸರಿ ಎಷ್ಟು ದಿನ? ತಿಜೋರಿಯಲ್ಲಿ ಸರಾಸರಿ ಎಷ್ಟು ಹಣ?

ಮೊದಲನೆಯದಕ್ಕೆ ಬರೋಣ. ಏರಿಕೆ ಇಳಿಕೆಗಳಿಗೆ ಸಮಾನ ಅವಕಾಶವಿರುವುದರಿಂದ ಶಿಲ್ಕಿನ ನಿರೀಕ್ಷಿತ ಬೆಲೆಯು ಆರಂಭದಲ್ಲಿದ್ದಂತೆ z ಆಗಿಯೇ ಉಳಿಯಬೇಕು. ಕೊನೆಯಲ್ಲಿ ಅದು ಸೊನ್ನೆಯಲ್ಲಿರುತ್ತದೆ, ಇಲ್ಲವೆ h ನಲ್ಲಿರುತ್ತದೆ. ಹೀಗಾಗಿ ಮೇಲಿನ ಎಲ್ಲೆಯನ್ನು ಮುಟ್ಟುವ ಸಂಭಾವ್ಯತೆ z/h ಎಂದು ತಾನಾಗಿ ಸಿದ್ಧವಾಗುತ್ತದೆ. ಇಂಥ ನಡೆಯಲ್ಲಿ ಹೊರಟ ಸ್ಥಳದಿಂದ ಸರಿದ ದೂರದ ವರ್ಗವು ದಿನಕ್ಕೆ σ² ನಂತೆ ಬೆಳೆಯುತ್ತದೆಂಬುದು ಇನ್ನೊಂದು ಮೂಲಸಂಗತಿ. ಎಲ್ಲೆ ಮುಟ್ಟಿದಾಗ ಆ ವರ್ಗದ ಸರಾಸರಿ z(h − z) ಎಂದು ವಿದ್ಯಾರ್ಥಿಗಳು ಎರಡು ಸಾಲಿನಲ್ಲಿ ತಾಳೆ ನೋಡಬಹುದು. ಆದಕಾರಣ ದಿನಗಳ ಸರಾಸರಿ z(h − z)/σ².

ಎರಡನೆಯ ಪ್ರಶ್ನೆಯನ್ನು ಒಂದು ಕಬ್ಬಿಣದ ಸರಳಿನಿಂದ ಉತ್ತರಿಸೋಣ. ಸರಳಿನ ಎರಡು ತುದಿಗಳನ್ನು ಮಂಜುಗಡ್ಡೆಯಲ್ಲಿ ಹುದುಗಿಸಿ, ನಡುವಿನ ಒಂದು ಬಿಂದುವಿಗೆ ಸದಾ ಕಾವು ಕೊಡುತ್ತಿದ್ದರೆ, ಉಷ್ಣತೆಯ ನಕ್ಷೆ ಹೇಗಿರುತ್ತದೆ? ಕಾವು ಕೊಟ್ಟ ಬಿಂದುವಿನಲ್ಲಿ ಶಿಖರ. ಅಲ್ಲಿಂದ ಎರಡೂ ತುದಿಗಳಿಗೆ ನೇರವಾಗಿ ಇಳಿಯುವ ಗೆರೆ. ಅಂದರೆ ತ್ರಿಕೋನ. ಶಿಲ್ಕಿನದೂ ಇದೇ ಸಮೀಕರಣ. ಎಲ್ಲೆಗಳು ಮಂಜುಗಡ್ಡೆಗಳು, ಅಲ್ಲಿ ತಾಗಿದ ಶಿಲ್ಕು ಮಾಯವಾಗಿ z ಎಂಬ ಬಿಂದುವಿನಲ್ಲಿ ಮತ್ತೆ ಹುಟ್ಟುತ್ತದೆ. ವರ್ಷವಿಡೀ ಯಾವ ಮೊತ್ತದಲ್ಲಿ ಎಷ್ಟು ದಿನ ಇತ್ತೆಂದು ನಕ್ಷೆ ಬರೆದರೆ 0, z, h ಎಂಬ ಮೂರು ಸ್ಥಾನಗಳಲ್ಲಿ ಮೂಲೆಗಳುಳ್ಳ ತ್ರಿಕೋನ ಬರುತ್ತದೆ. ತ್ರಿಕೋನದ ಗುರುತ್ವ ಕೇಂದ್ರವು ಮೂರು ಮೂಲೆಗಳ ಸರಾಸರಿಯಲ್ಲಿರುತ್ತದೆಂಬುದನ್ನು ಪ್ರೌಢಶಾಲೆಯಲ್ಲೇ ಕಲಿತಿದ್ದೇವೆ. ಆದ್ದರಿಂದ ಸರಾಸರಿ ಶಿಲ್ಕು (h + z)/3.

ಒಂದು ಪ್ರಯಾಣದ ವೆಚ್ಚ b, ಒಂದು ರೂಪಾಯಿಗೆ ದಿನದ ಬಡ್ಡಿ i ಆಗಿದ್ದರೆ, ದಿನದ ಒಟ್ಟು ನಷ್ಟ:

bσ²/[z(h − z)] + i(h + z)/3

ಇದು ಕನಿಷ್ಠವಾಗಬೇಕು. ಕಲನಶಾಸ್ತ್ರ ಬಲ್ಲವರು h − z ಅನ್ನು ಒಂದು ಸ್ವತಂತ್ರ ಪದವೆಂದು ಎಣಿಸಿ ಅವಕಲನ ಮಾಡಿದರೆ ಅದು z ನ ಎರಡರಷ್ಟಿರಬೇಕೆಂದು ಕೂಡಲೇ ಕಾಣುತ್ತದೆ. ಹೀಗೆ ಬರುವ ಫಲ:

z = ∛(3bσ²/4i), h = 3z

ಹಿಂದಿರುಗುವ ನೆಲೆಯು ಎರಡು ಎಲ್ಲೆಗಳ ನಟ್ಟನಡುವೆ ಇಲ್ಲ. ಕೆಳಗಿನಿಂದ ಮೂರನೆಯ ಒಂದು ಭಾಗದಲ್ಲಿದೆ. ನಟ್ಟನಡುವೆ ಇದ್ದರೆ ಪ್ರಯಾಣಗಳೇನೋ ಅತಿ ಕಡಮೆಯಾಗುತ್ತವೆ. ಆದರೆ ತ್ರಿಕೋನದ ಶಿಖರವನ್ನು ಕೆಳಕ್ಕೆ ಜಗ್ಗಿದಷ್ಟೂ ಬಡ್ಡಿಯಿಲ್ಲದೆ ಮಲಗಿರುವ ಹಣ ಕಡಮೆಯಾಗುತ್ತದೆ. ಇವೆರಡರ ಜಗ್ಗಾಟ ಮೂರನೆಯ ಒಂದು ಭಾಗದಲ್ಲಿ ನಿಲ್ಲುತ್ತದೆ.

ಈಗ ಹಳ್ಳಿಗೆ ಮರಳೋಣ. ಕಾರ್ಯದರ್ಶಿಗಳು ನಮಗೆ ನೂರು ದಿನಗಳ ರೋಜು ಕೀರ್ದಿಯನ್ನು ತೋರಿಸಿದರು. ಪ್ರತಿದಿನದ ನಿವ್ವಳವನ್ನು ಬರೆದು, ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡುಕೊಂಡೆವು. ಬಿಡಿ ಅಂಕಿಗಳನ್ನು ಬಿಟ್ಟು σ ಹನ್ನೆರಡು ಸಾವಿರ ರೂಪಾಯಿ ಎಂದಿಟ್ಟುಕೊಂಡೆವು. ಪ್ರಯಾಣದ ವೆಚ್ಚ 400 ರೂಪಾಯಿ. ವರ್ಷಕ್ಕೆ ನೂರಕ್ಕೆ 6ರ ಬಡ್ಡಿಯನ್ನು 300 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 0.0002. ಸೂತ್ರದಲ್ಲಿ ಇವನ್ನು ಹಾಕಿದರೆ z ಸರಿಯಾಗಿ 60,000, h 1,80,000. ಕೆಳ ಎಲ್ಲೆ 20,000 ಇರಲೆಂದು ಸಂಘದವರು ಹೇಳಿದರು. ಹಾಗಾದರೆ ತಿಜೋರಿಯ ಮೂರು ಅಂಕಿಗಳು 20,000, 80,000 ಮತ್ತು 2,00,000.

ಶಿಲ್ಕು ಒಂದು ಸಂಜೆ 1,70,000 ಆಗಿದ್ದರೆ ಏನು ಮಾಡಬೇಕು? ಬೀಗ ಹಾಕಿ ಮನೆಗೆ ಹೋಗಬೇಕು. ಇನ್ನೊಂದು ಸಂಜೆ 2,06,000 ಆಗಿದ್ದರೆ 1,26,000 ವನ್ನು ಒಯ್ದು 80,000 ಉಳಿಸಬೇಕು. ಇಳಿದು 17,000 ಆದರೆ 63,000 ವನ್ನು ತರಬೇಕು. ಹೀಗೆ ನಡೆದರೆ ಸರಾಸರಿ 50 ಕೆಲಸದ ದಿನಗಳಿಗೊಮ್ಮೆ ಪ್ರಯಾಣ, ವರ್ಷಕ್ಕೆ ಆರು, ವೆಚ್ಚ 2,400 ರೂಪಾಯಿ. ಸರಾಸರಿ ಶಿಲ್ಕು ಒಂದು ಲಕ್ಷ, ಅದರ ಬಡ್ಡಿಯ ನಷ್ಟ 6,000. ಒಟ್ಟು 8,400 ರೂಪಾಯಿ. ಶುಕ್ರವಾರದ ರೂಢಿಯಲ್ಲಿ ಸರಾಸರಿ ಶಿಲ್ಕು ಐವತ್ತು ಸಾವಿರ. ಬಡ್ಡಿಯ ನಷ್ಟ 3,000 ಮಾತ್ರ. ಆದರೆ ವರ್ಷದ ಐವತ್ತು ಪ್ರಯಾಣಗಳಿಗೆ 20,000 ಬೇಕು. ಬಡ್ಡಿಯಲ್ಲಿ ಮೂರು ಸಾವಿರ ಉಳಿಸಲು ಹೋಗಿ ದಾರಿಯಲ್ಲಿ ಹದಿನೇಳು ಸಾವಿರದ ಆರುನೂರು ಕಳೆದಂತಾಯಿತು. ಆಡಳಿತ ಮಂಡಳಿಯವರು ಬಡ್ಡಿಯನ್ನು ಕೇಳುತ್ತಾರೆ. ವಾಹನದ ಬಾಡಿಗೆಯು 'ಇತರೆ ಖರ್ಚು' ಎಂಬ ಶೀರ್ಷಿಕೆಯಡಿ ಅಡಗಿರುವುದರಿಂದ ಅದನ್ನು ಕೇಳುವವರಿಲ್ಲ.

ಇಲ್ಲಿ ನಾವು ಪಠ್ಯಪುಸ್ತಕಗಳೊಡನೆ ಸ್ವಲ್ಪ ಜಗಳವಾಡಬೇಕಾಗಿದೆ. ಅವು ಮೂರನೆಯ ಒಂದು ಭಾಗವೆಂಬುದನ್ನೇ ಸಿದ್ಧಾಂತದ ತಿರುಳೆಂಬಂತೆ ಹೇಳುತ್ತವೆ. ನಾವು ಲೆಕ್ಕ ಮಾಡಿ ನೋಡಿದೆವು. ಹಿಂದಿರುಗುವ ನೆಲೆಯನ್ನು ಹಟದಿಂದ ನಟ್ಟನಡುವೆಯೇ ಇಟ್ಟು, ಅದಕ್ಕೆ ತಕ್ಕ ಅತ್ಯುತ್ತಮ ಎಲ್ಲೆಯನ್ನು ಆರಿಸಿಕೊಂಡರೆ, ಈ ಸಂಘಕ್ಕೆ ಆಗುವ ಹೆಚ್ಚಿನ ನಷ್ಟ ವರ್ಷಕ್ಕೆ ಸುಮಾರು 290 ರೂಪಾಯಿ, ಒಂದು ಪ್ರಯಾಣದ ವೆಚ್ಚಕ್ಕಿಂತಲೂ ಕಡಮೆ. ಕನಿಷ್ಠದ ಬಳಿ ವಕ್ರರೇಖೆಯು ಬಾಣಲೆಯ ತಳದಂತೆ ಚಪ್ಪಟೆಯಾಗಿರುತ್ತದೆ. ತುಸು ಅತ್ತಿತ್ತ ಸರಿದರೆ ಬಾಧಕವಿಲ್ಲ. ಘನಮೂಲವೂ ದಯಾಳು: σ ಅನ್ನು ಎರಡರಷ್ಟು ತಪ್ಪಾಗಿ ಅಂದಾಜಿಸಿದರೂ z ಒಂದೂವರೆಗಿಂತ ತುಸು ಹೆಚ್ಚು ಪಾಲು ಮಾತ್ರ ತಪ್ಪುತ್ತದೆ. ತಿರುಳಿರುವುದು ಅಂಕಿಯ ನಿಖರತೆಯಲ್ಲಲ್ಲ. ಎರಡು ಎಲ್ಲೆಗಳ ನಡುವೆ ಕೈಕಟ್ಟಿ ಕುಳಿತಿರುವುದರಲ್ಲಿ. ಕ್ಯಾಲೆಂಡರನ್ನು ನೋಡಿ ಹೊರಡುವವನಿಗೂ ಶಿಲ್ಕನ್ನು ನೋಡಿ ಹೊರಡುವವನಿಗೂ ಇರುವ ಅಂತರ ಸಾವಿರಗಳ ಲೆಕ್ಕದ್ದು.

ಹಾಗೆಂದು ನಿಯಮವನ್ನು ಕಣ್ಣುಮುಚ್ಚಿ ನಂಬಬೇಕೆಂದಲ್ಲ. ಅದರ ಆಧಾರವಾದ ಎರಡು ಊಹೆಗಳು ಹಳ್ಳಿಯಲ್ಲಿ ಆಗಾಗ ಮುರಿಯುತ್ತವೆ, ಮುರಿದುದನ್ನು ಪತ್ತೆಮಾಡುವ ಉಪಾಯಗಳೂ ಇವೆ.

ಒಂದನೆಯದು, ನಿವ್ವಳದ ಸರಾಸರಿ ಸೊನ್ನೆಯೆಂಬುದು. ಬೀದರ ಜಿಲ್ಲೆಯಲ್ಲಿ ಮುಂಗಾರು ಬಿತ್ತನೆಯ ಮುಂದೆ ಎಲ್ಲರಿಗೂ ಹಣ ಬೇಕು. ಸೋಯಾಬೀನು ಮಾರಿದ ಮೇಲೆ, ಆಮೇಲೆ ತೊಗರಿ ಮಾರಿದ ಮೇಲೆ, ಹಣ ಹಿಂದಕ್ಕೆ ಬರುತ್ತದೆ. ಆ ವಾರಗಳಲ್ಲಿ ಶಿಲ್ಕು ಅಲೆದಾಡುವುದಿಲ್ಲ, ಒಂದೇ ಕಡೆಗೆ ಹರಿಯುತ್ತದೆ. ನಿಯಮ ಸರಿಯಾಗಿ ನಡೆಯುತ್ತಿದ್ದರೆ ಮೂರು ಪ್ರಯಾಣಗಳಲ್ಲಿ ಎರಡು ಹಣ ತರುವುದಕ್ಕೆ, ಒಂದು ಹಣ ಇಡುವುದಕ್ಕೆ ಆಗಬೇಕು; z/h ಎಂಬ ಸಂಭಾವ್ಯತೆ ಹೇಳುವುದು ಅದನ್ನೇ. ಸಾಲಾಗಿ ಐದಾರು ಪ್ರಯಾಣಗಳು ಹಣ ಇಡುವುದಕ್ಕೇ ಆಗಿದ್ದರೆ ಹರಿವು ಶುರುವಾಗಿದೆಯೆಂದು ತಿಳಿಯಬೇಕು. ಸುಗ್ಗಿಗೊಂದು, ಬಿತ್ತನೆಗೊಂದು, ಉಳಿದ ತಿಂಗಳುಗಳಿಗೊಂದು ಎಂದು ಬೇರೆ ಬೇರೆ ಅಂಕಿಗಳನ್ನು ಇಟ್ಟುಕೊಳ್ಳುವುದು ಆಗ ಮೇಲು.

ಎರಡನೆಯದು, ಒಂದು ದಿನದ ನಿವ್ವಳಕ್ಕೂ ಮರುದಿನದ್ದಕ್ಕೂ ಸಂಬಂಧವಿಲ್ಲವೆಂಬುದು. ಬೀದರದಲ್ಲಿ 1990ರ ದಶಕದ ಕೊನೆಯ ಭಾಗದಿಂದ ಸ್ತ್ರೀಯರ ಸ್ವಸಹಾಯ ಗುಂಪುಗಳು ಸಹಕಾರಿ ಬ್ಯಾಂಕಿನ ಆಶ್ರಯದಲ್ಲಿ ಬಹುಸಂಖ್ಯೆಯಲ್ಲಿ ಬೆಳೆದಿವೆ. ಅನೇಕ ಗುಂಪುಗಳು ಒಂದೇ ಸಮಯಕ್ಕೆ ಉಳಿತಾಯ ಕಟ್ಟಿದರೆ ಏರಿಕೆಯ ಹಿಂದೆ ಏರಿಕೆ ಬರುತ್ತದೆ. ಇದರ ಪರೀಕ್ಷೆಯನ್ನು ವಿದ್ಯಾರ್ಥಿಗಳೇ ಮಾಡಬಹುದು. ದಿನಗಳು ಸ್ವತಂತ್ರವಾಗಿದ್ದರೆ ಆರು ದಿನಗಳ ವಾರದ ನಿವ್ವಳದ ಮಾನಕ ವಿಚಲನೆಯು ದಿನದ್ದರ √6 ಪಾಲು, ಅಂದರೆ ನಮ್ಮ ಸಂಘಕ್ಕೆ ಸುಮಾರು 29,400 ಆಗಿರಬೇಕು. ಕೀರ್ದಿಯಿಂದ ಲೆಕ್ಕ ಮಾಡಿದಾಗ ನಲವತ್ತು ಐವತ್ತು ಸಾವಿರ ಬಂದರೆ, ವಾರದ ಅಂಕಿಯನ್ನು √6ರಿಂದ ಭಾಗಿಸಿ ಬಂದುದನ್ನೇ σ ಎಂದು ಬಳಸುವುದು ಕ್ಷೇಮ.

ಇನ್ನು ಯಾವ ಸೂತ್ರಕ್ಕೂ ನಿಲುಕದ ದಿನಗಳಿವೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದವು. ಅದೇ ತಿಂಗಳ 14ರಂದು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು ಹಳೆಯ ನೋಟುಗಳನ್ನು ಸ್ವೀಕರಿಸಕೂಡದೆಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿತು. ತಿಜೋರಿಗೂ ಬ್ಯಾಂಕಿಗೂ ನಡುವಿನ ದಾರಿಯೇ ಕಟ್ಟಿದಾಗ ಹಿಂದಿರುಗುವ ನೆಲೆಗೆ ಅರ್ಥವಿಲ್ಲ. ಬೇಕೆಂದಾಗ ಬ್ಯಾಂಕಿನಿಂದ ಹಣ ದೊರೆಯುವುದೆಂಬುದು ಈ ಲೆಕ್ಕದೊಳಗೆ ಸದ್ದಿಲ್ಲದೆ ಕುಳಿತಿರುವ ಮೂರನೆಯ ಊಹೆ.

ಕಾರ್ಯದರ್ಶಿಗಳು ಎತ್ತಿದ ಆಕ್ಷೇಪ ಇವೆಲ್ಲಕ್ಕಿಂತ ಸರಳವಾಗಿತ್ತು. "ಎರಡು ಲಕ್ಷ ಇಟ್ಕೊಂಡು ರಾತ್ರಿ ನಿದ್ದಿ ಹ್ಯಾಂಗ್ ಮಾಡ್ಲಿ ಸರ? ನಮ್ಮ ತಿಜೋರಿಗಿ ವಿಮಾ ಇರೋದೇ ದೀಡ್ ಲಕ್ಷಕ್ಕ." ಈ ಮಾತಿಗೆ ನಾವು ತಲೆಬಾಗಿದೆವು. ಮಿಲ್ಲರ್ ಮತ್ತು ಆರ್ ಕಳ್ಳರನ್ನು ಎಣಿಸಿರಲಿಲ್ಲ. ಮೇಲಿನ ಎಲ್ಲೆಯನ್ನು ವಿಮೆಯೇ 1,50,000ಕ್ಕೆ ಕಟ್ಟಿಹಾಕಿದರೆ, h 1,30,000 ಆಗಿಬಿಡುತ್ತದೆ. ಆಗ z ಅದರ ಮೂರನೆಯ ಒಂದು ಭಾಗವೆಂದು ತಿಳಿಯುವುದು ತಪ್ಪು. ಆ ನಿಯಮ h ಅನ್ನು ಆರಿಸುವ ಸ್ವಾತಂತ್ರ್ಯವಿದ್ದಾಗ ಮಾತ್ರ ಸಲ್ಲುತ್ತದೆ. ನಷ್ಟದ ಮೊದಲ ಸಮೀಕರಣದಲ್ಲಿ h ಅನ್ನು ಸ್ಥಿರವಾಗಿಟ್ಟು z ಗೆ ಬೇರೆ ಬೇರೆ ಬೆಲೆಗಳನ್ನು ಹಾಕಿ ನೋಡಿದರೆ ಕನಿಷ್ಠವು 55,000ದ ಸುಮಾರಿನಲ್ಲಿ ಬರುತ್ತದೆ. ಎಲ್ಲೆಗಳು ಹತ್ತಿರವಾದಾಗ ನೆಲೆಯು ನಡುವಿನ ಕಡೆಗೆ ಸರಿಯುತ್ತದೆ. ಪ್ರಯಾಣಗಳು ಆರರಿಂದ ಹತ್ತಕ್ಕೆ ಏರುತ್ತವೆ, ಬಡ್ಡಿಯ ನಷ್ಟ ಇಳಿಯುತ್ತದೆ, ಒಟ್ಟಿನಲ್ಲಿ ವರ್ಷಕ್ಕೆ ಸುಮಾರು 700 ರೂಪಾಯಿ ಹೆಚ್ಚು. ಒಂದು ವರ್ಷದ ನಿದ್ದೆಗೆ ಅದು ದುಬಾರಿ ಬೆಲೆಯೆಂದು ನಮಗೆ ತೋರಲಿಲ್ಲ.

ಈಗ ಆ ತಿಜೋರಿಯ ಬಾಗಿಲಿನ ಒಳಗಡೆ 20,000, 75,000, 1,50,000 ಎಂದು ಬರೆದ ಚೀಟಿಯೊಂದು ಅಂಟಿಕೊಂಡಿದೆ. ಮೊದಲ ಮೂರು ಶುಕ್ರವಾರ ಕಾರ್ಯದರ್ಶಿಗಳು ಎಲ್ಲಿಗೂ ಹೋಗಲಿಲ್ಲ. ನಾಲ್ಕನೆಯ ವಾರ ಆಡಳಿತ ಮಂಡಳಿಯ ಸಭೆ ಸೇರಿದಾಗ ಶಿಲ್ಕು 1,38,000 ಇತ್ತು. ಇಷ್ಟು ರೊಕ್ಕ ಯಾಕೆ ಬಿದ್ದಿದೆಯೆಂದು ಸದಸ್ಯರೊಬ್ಬರು ಕೇಳಿದರಂತೆ. ಕಾರ್ಯದರ್ಶಿಗಳು 'ಇತರೆ ಖರ್ಚು' ಎಂಬ ಪುಟವನ್ನು ತೆರೆದು ಅವರ ಮುಂದಿಟ್ಟರು.